ಗಾಜು ಹಾಕಿದ ಮೈಸೂರು ಚಿತ್ರಕ್ಕೆ ಸ್ಪಾಟ್‌ಲೈಟ್: ಅಳತೆ, ಖರ್ಚು, ಕೈಕೊಟ್ಟ ಪ್ರಯೋಗಗಳು

ನಮ್ಮ ಹಾಲಿನಲ್ಲಿ ಮೈಸೂರು ಶೈಲಿಯ ರಾಜರಾಜೇಶ್ವರಿ ಚಿತ್ರ ಇದೆ. ಕಾಗದದ ಮೇಲೆ ನೀರುಬಣ್ಣ. ಒಡವೆ, ಸಿಂಹಾಸನ, ಪ್ರಭಾವಳಿ ಇರುವಲ್ಲೆಲ್ಲ ಸಣ್ಣಗೆ ಉಬ್ಬಿಸಿ ಚಿನ್ನದ ರೇಕು ಹಚ್ಚಿದ್ದಾರೆ. ಹಿನ್ನೆಲೆ ಕಡು ಹಸಿರು. ಗಾಜು ಹಾಕಿ ಕಟ್ಟು ಹಾಕಿಸಿದ್ದೇವೆ. ಸಂಜೆ ಲೈಟ್ ಹಾಕಿದರೆ ಆ ಕಡು ಹಸಿರು ಪೂರ್ತಿ ಕನ್ನಡಿ. "ದೇವಿ ಮುಖ ಕಾಣೋದೇ ಇಲ್ಲ ಕಣೋ, ಟ್ಯೂಬ್‌ಲೈಟೇ ಕಾಣುತ್ತೆ" ಅಂತ ಅಮ್ಮ ಹೇಳುತ್ತಲೇ ಇದ್ದರು. ಈಗ ಕೆಲಸ ಮುಗಿದಿದೆ. ಬೇರೆಯವರಿಗೂ ಉಪಯೋಗ ಆಗಲಿ ಅಂತ ಅಳತೆಗಳ ಸಮೇತ ಬರೆದಿಡುತ್ತಿದ್ದೇನೆ.

ಮೊದಲು ಅಳತೆ. ಎಲ್ಲ ಸೆಂಟಿಮೀಟರಿನಲ್ಲಿ ಇದೆ, ಲೆಕ್ಕಕ್ಕೆ ಅದೇ ಸುಲಭ. ಹಾಲಿನ ಎತ್ತರ 305, ಅಂದರೆ ಹತ್ತಡಿ. ಫಾಲ್ಸ್ ಸೀಲಿಂಗ್ ಇಲ್ಲ, ಬರೀ ಆರ್‌ಸಿಸಿ. ಗಾಜಿನ ಅಗಲ 61, ಎತ್ತರ 76. ಸುತ್ತ 7 ಸೆಂ.ಮೀ. ಅಗಲದ ಮರದ ಕಟ್ಟು. ಚಿತ್ರದ ಮಧ್ಯಭಾಗ ನೆಲದಿಂದ 155 ಎತ್ತರದಲ್ಲಿದೆ. ಹಾಗಾಗಿ ಗಾಜಿನ ಮೇಲಂಚು 193, ಕೆಳಂಚು 117. ಎದುರು ಗೋಡೆ 400 ದೂರ. ನಡುವೆ, ಚಿತ್ರಕ್ಕೆ ಮುಖ ಮಾಡಿ ಸೋಫಾ. ಅಲ್ಲಿ ಕೂತವರ ಕಣ್ಣು ಚಿತ್ರದಿಂದ ಸುಮಾರು 280 ದೂರ, ನೆಲದಿಂದ 105 ಎತ್ತರ.

ಹಂತ 1: ಬಿಂಬ ಎಲ್ಲಿಂದ ಬರುತ್ತಿದೆ ಅಂತ ಹುಡುಕಿದ್ದು

ಚಿತ್ರಕ್ಕೆ ಅಂತ ಒಂದು ಲೈಟ್ ತರುವ ಮೊದಲು ಈ ಕೆಲಸ ಆಗಬೇಕು. ಇದನ್ನು ಬಿಟ್ಟು ಮುಂದೆ ಹೋದರೆ ಎಷ್ಟು ದುಡ್ಡು ಹಾಕಿದರೂ ಪ್ರಯೋಜನ ಇಲ್ಲ. ಗಾಜಿನಲ್ಲಿ ಕಾಣುವ ಹೊಳಪು ಸಾಮಾನ್ಯವಾಗಿ ಚಿತ್ರದ ಲೈಟಿನದ್ದಲ್ಲ, ಕೋಣೆಯಲ್ಲಿ ಈಗಾಗಲೇ ಇರುವ ಯಾವುದೋ ಬೆಳಕಿನದ್ದು.

ಒಂದು ಸಣ್ಣ ಕನ್ನಡಿ ತಗೊಂಡು ಗಾಜಿನ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿಯಲು ಮಗಳಿಗೆ ಹೇಳಿದೆ. ನಾನು ಸೋಫಾದಲ್ಲಿ ಕೂತು ನೋಡಿದೆ. ಕನ್ನಡಿಯನ್ನು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿದಳು. ಕನ್ನಡಿಯಲ್ಲಿ ಏನು ಕಾಣುತ್ತದೋ ಗಾಜಿನಲ್ಲೂ ಅದೇ ಕಾಣುತ್ತದೆ, ಗಾಜಿನಲ್ಲಿ ಮಸುಕಾಗಿ ಅಷ್ಟೇ. ಸಾದಾ ಗಾಜಿನ ಎರಡೂ ಮೈ ಸೇರಿ ಬಿದ್ದ ಬೆಳಕಿನ ಸುಮಾರು ನೂರಕ್ಕೆ ಎಂಟು ಭಾಗವನ್ನು ವಾಪಸ್ ಕಳಿಸುತ್ತವೆ. ಕಡು ಬಣ್ಣದ ಚಿತ್ರದ ಮೇಲೆ ಅಷ್ಟೇ ಸಾಕು, ಕೆಳಗಿನದ್ದು ಮುಚ್ಚಿಹೋಗುತ್ತದೆ.

ಕನ್ನಡಿ 160 ಎತ್ತರಕ್ಕೆ ಬಂದಾಗ ಎದುರು ಗೋಡೆಯ ಟ್ಯೂಬ್‌ಲೈಟ್ ಪೂರ್ತಿ ಕಂಡಿತು. ಅದು ಇರುವುದು ನೆಲದಿಂದ 240 ಎತ್ತರದಲ್ಲಿ. ಅಂದರೆ ಬಿಂಬ ಬೀಳುವುದು ಚಿತ್ರದ ನಟ್ಟನಡುವೆ. ಅಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ಆಮೇಲೆ ಇದನ್ನೇ ತಿರುಗಿಸಿ ನೋಡಿದೆ. ಲೈಟುಗಳನ್ನೆಲ್ಲ ಆರಿಸಿ, ಸೋಫಾದಲ್ಲಿ ಕೂತು, ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಗಾಜಿನ ನಾಲ್ಕು ಮೂಲೆಗೂ ಬಿಟ್ಟೆ. ಗಾಜಿನಿಂದ ಪುಟಿದ ಬೆಳಕು ಎದುರು ಗೋಡೆಯ ಮೇಲೆ, ಸೀಲಿಂಗಿನ ಮೇಲೆ ಮಸುಕಾಗಿ ಬೀಳುತ್ತದೆ. ಹಾಗೆ ಬಿದ್ದ ಜಾಗದಲ್ಲಿ ಯಾವ ಲೈಟ್ ಇದ್ದರೂ ಆ ಸೀಟಿಗೆ ಗ್ಲೇರ್ ಗ್ಯಾರಂಟಿ. ಸೋಫಾದ ಮೂರೂ ಸೀಟಿನಿಂದ ಹೀಗೆ ನೋಡಿ, ಬೆಳಕು ಬಿದ್ದ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಮೂರೂ ಸೇರಿಸಿದಾಗ ಎದುರು ಗೋಡೆಯ ಮೇಲರ್ಧ ಹೆಚ್ಚುಕಡಿಮೆ ಪೂರ್ತಿ ಟೇಪಿನೊಳಗೆ ಬಂತು! ಟ್ಯೂಬ್‌ಲೈಟನ್ನು ಅದೇ ಗೋಡೆಯಲ್ಲಿ ಒಂದಡಿ ಆಚೆ ಈಚೆ ಸರಿಸಿ ಏನೂ ಪ್ರಯೋಜನ ಇಲ್ಲ ಅಂತ ಅಲ್ಲೇ ತಿಳಿಯಿತು. ನಡು ಸೀಟಿಗೆ ಸರಿಹೋದರೆ ಪಕ್ಕದ ಸೀಟಿಗೆ ಹೊಡೆಯುತ್ತದೆ.

ಟ್ಯೂಬ್‌ಲೈಟ್ ಪಕ್ಕದ ಗೋಡೆಗೆ ಹೋಯಿತು, ಬೆಡ್‌ರೂಮ್ ಬಾಗಿಲಿನ ಮೇಲೆ. ಮೊಳೆ ಹೊಡೆಯುವ ಮೊದಲು ಆ ಜಾಗದಲ್ಲಿ ಟಾರ್ಚ್ ಹಿಡಿಸಿ, ಮೂರೂ ಸೀಟಿನಿಂದ ಗಾಜನ್ನು ನೋಡಿ ಖಾತ್ರಿ ಮಾಡಿಕೊಂಡೆ. ಚಿತ್ರ ಇರುವ ಗೋಡೆಗೇ ಹಾಕಿದರೆ ಬಿಂಬದ ಮಾತೇ ಬರುವುದಿಲ್ಲ, ಆದರೆ ಚಿತ್ರ ನೋಡುವವರ ಕಣ್ಣಿಗೆ ನೇರ ಹೊಡೆಯುತ್ತದೆ. ಅದು ಬೇಡ ಅನ್ನಿಸಿತು.

ಇಷ್ಟಕ್ಕೇ ಅರ್ಧ ಕೆಲಸ ಆಯಿತು. ಚಿತ್ರ ಕಾಣತೊಡಗಿತು. ಆದರೆ ಚಿನ್ನ ಮಂಕು.

ಹಂತ 2: ಕಟ್ಟಿಗೆ ಸಿಕ್ಕಿಸುವ ಹಿತ್ತಾಳೆ ಲೈಟ್, ಮತ್ತು ಅದನ್ನು ಯಾಕೆ ಬಿಚ್ಚಿದೆ

ಕಟ್ಟಿನ ಹಿಂದೆ ಸ್ಕ್ರೂ ಹಾಕಿ ಮೇಲಿನಿಂದ ಮುಂದಕ್ಕೆ ಬಾಗುವ ಪಿಕ್ಚರ್ ಲೈಟ್ ಒಂದು ತಂದೆ, ₹1,850. ನೋಡಲು ಬಹಳ ಚೆಂದ. ತೋಳಿನ ಉದ್ದ 20 ಸೆಂ.ಮೀ., ಬಲ್ಬ್ ಕಟ್ಟಿನಿಂದ ಸ್ವಲ್ಪ ಮೇಲೆ, ನೆಲದಿಂದ 208 ಎತ್ತರದಲ್ಲಿ ಕೂತಿತು.

ಮೊದಲ ತೊಂದರೆ, ಬೆಳಕು ಸಮ ಇಲ್ಲ. ಬೆಳಕಿನ ಪ್ರಮಾಣವನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುವ ಫೋನಿನ ಆ್ಯಪ್ ಹಿಡಿದು ಗಾಜಿನ ಮೇಲಂಚಿನಲ್ಲಿ ನೋಡಿದರೆ 600 ದಾಟಿತು, ಕೆಳಂಚಿನಲ್ಲಿ 25 ಕೂಡ ಇಲ್ಲ. ಫೋನಿನ ಅಂಕಿ ಪಕ್ಕಾ ಅಲ್ಲ, ಆದರೆ ಎರಡು ಜಾಗ ಹೋಲಿಸಲು ಸಾಕು. ಪ್ರಭಾವಳಿ ಬೆಳ್ಳಗೆ ಉರಿಯುತ್ತಿದೆ, ದೇವಿಯ ಪಾದ ಕತ್ತಲಲ್ಲಿದೆ. ಬಲ್ಬ್ ಮೇಲಂಚಿಗೆ ಅಷ್ಟು ಹತ್ತಿರ, ಕೆಳಂಚಿಗೆ ಅಷ್ಟು ದೂರ ಇರುವಾಗ ಬೇರೆ ದಾರಿಯೇ ಇಲ್ಲ. ಇಂಥ ಲೈಟ್ ಒಂದಡಿ, ಒಂದೂವರೆ ಅಡಿ ಎತ್ತರದ ಚಿತ್ರಕ್ಕೆ ಸರಿ. ಎರಡೂವರೆ ಅಡಿಗೆ ಅಲ್ಲ.

ಎರಡನೆಯದು ನನಗೆ ಕಾಣಲೇ ಇಲ್ಲ, ಅಮ್ಮನಿಗೆ ಕಂಡಿತು. ಅವರು ಬೆಳಿಗ್ಗೆ ಸಂಜೆ ಚಿತ್ರದ ಹತ್ತಿರ ಹೋಗಿ ಕೈಮುಗಿಯುತ್ತಾರೆ, ಒಂದೂವರೆ ಅಡಿ ದೂರದಲ್ಲಿ ನಿಂತು. "ಮೇಲ್ಗಡೆ ಒಂದು ಬಿಳಿ ಪಟ್ಟಿ ಬರುತ್ತೆ" ಅಂದರು. ನಾನು ಅಲ್ಲೇ ನಿಂತೆ, ಏನೂ ಇಲ್ಲ. ಆಮೇಲೆ ಮಂಡಿ ಸ್ವಲ್ಪ ಬಗ್ಗಿಸಿ ಅವರ ಎತ್ತರಕ್ಕೆ ಬಂದಾಗ ಸಿಕ್ಕಿತು. ಲೈಟಿನ ಮೇಲಿರುವ ಮುಚ್ಚಳ ಬಲ್ಬನ್ನು ನಮ್ಮ ಕಣ್ಣಿನಿಂದ ಮುಚ್ಚುತ್ತದೆ, ನಿಜ. ಆದರೆ ಅದರ ತೆರೆದ ಬಾಯಿ ಇರುವುದು ಗಾಜಿನ ಕಡೆಗೇ. ಗಾಜು ಅದನ್ನು ವಾಪಸ್ ತೋರಿಸುತ್ತದೆ.

ಇದರ ಲೆಕ್ಕ ಹೀಗೆ. ಗಾಜಿನ ಹಿಂದೆ, ಲೈಟ್ ಮುಂದೆ ಎಷ್ಟು ದೂರ ಇದೆಯೋ ಅಷ್ಟೇ ದೂರದಲ್ಲಿ, ಅದೇ ಎತ್ತರದಲ್ಲಿ ಇನ್ನೊಂದು ಲೈಟ್ ಇದೆ ಅಂದುಕೊಳ್ಳಿ. ನಿಮ್ಮ ಕಣ್ಣಿನಿಂದ ಅಲ್ಲಿಗೆ ಒಂದು ದಾರ ಎಳೆದರೆ ಅದು ಗಾಜನ್ನು ದಾಟುವ ಜಾಗವೇ ಬಿಂಬ ಕಾಣುವ ಜಾಗ. ಅಮ್ಮನ ಕಣ್ಣಿನ ಎತ್ತರ 140, ನಿಲ್ಲುವ ದೂರ 45. ಲೈಟ್ 208 ಎತ್ತರ, 20 ದೂರ. ಹಾಗಾದರೆ 140 + (208 − 140) × 45 ÷ (45 + 20) = 187. ಗಾಜಿನ ಮೇಲಂಚು 193. ಅಂದರೆ ಬಿಂಬ ಗಾಜಿನೊಳಗೇ ಬಿತ್ತು. ನನ್ನ ಕಣ್ಣಿನ ಎತ್ತರ 160, ಅದೇ ಜಾಗದಿಂದ 193 ಬರುತ್ತದೆ, ಸರಿಯಾಗಿ ಕಟ್ಟಿನ ಅಂಚಿಗೆ. ಅದಕ್ಕೇ ನನಗೆ ಕಾಣಲಿಲ್ಲ.

ಲೈಟ್ ಬಿಚ್ಚಿ ಅಣ್ಣನ ಮನೆಗೆ ಕೊಟ್ಟೆ. ಅಲ್ಲಿ ಗಾಜಿಲ್ಲದ ಸಣ್ಣ ಕ್ಯಾನ್ವಾಸ್ ಚಿತ್ರ ಇದೆ, ಅದಕ್ಕೆ ಚೆನ್ನಾಗಿ ಹೊಂದಿಕೊಂಡಿದೆ.

ಹಂತ 3: ಸೀಲಿಂಗ್ ಲೈಟ್ ಗೋಡೆಯಿಂದ ಎಷ್ಟು ದೂರ

ಎಲೆಕ್ಟ್ರಿಷಿಯನ್ "ಹಾಲಿನ ಮಧ್ಯ ಹಾಕ್ಬಿಡೋಣ ಸರ್, ವೈರ್ ಅಲ್ಲೇ ಇದೆ" ಅಂದ. ಮಧ್ಯ ಅಂದರೆ ಗೋಡೆಯಿಂದ 200. ಮೇಲಿನ ಲೆಕ್ಕಕ್ಕೆ ಹಾಕಿದರೆ, ನಾನು 60 ಸೆಂ.ಮೀ. ದೂರ ನಿಂತು ನೋಡಿದಾಗ ಬಿಂಬ 191 ಎತ್ತರದಲ್ಲಿ ಬರುತ್ತದೆ, ಗಾಜಿನೊಳಗೆ. ಇನ್ನೂ ಹತ್ತಿರ ಹೋದರೆ ನನ್ನ ತಲೆಯ ನೆರಳೂ ಚಿತ್ರದ ಮೇಲೆ. ಬೇಡ ಅಂದೆ.

ಗ್ಯಾಲರಿಗಳಲ್ಲಿ ರೂಢಿ ಇರುವುದು 30 ಡಿಗ್ರಿ. ಲೈಟಿನಿಂದ ನೇರ ಕೆಳಗೆ ಒಂದು ಗೆರೆ, ಲೈಟಿನಿಂದ ಚಿತ್ರದ ಮಧ್ಯಕ್ಕೆ ಇನ್ನೊಂದು ಗೆರೆ, ಇವೆರಡರ ನಡುವಿನ ಕೋನ 30. ಲೈಟಿನ ಎತ್ತರದಿಂದ ಚಿತ್ರದ ಮಧ್ಯದ ಎತ್ತರ ಕಳೆದು 0.577ರಿಂದ ಗುಣಿಸಿದರೆ ಗೋಡೆಯಿಂದ ಇರಬೇಕಾದ ದೂರ ಸಿಗುತ್ತದೆ. ಇಲ್ಲಿ ಸೀಲಿಂಗ್ ಎತ್ತರ ಹಾಕಬಾರದು, ಲೈಟಿನ ಮುಖದ ಎತ್ತರ ಹಾಕಬೇಕು. ನಾನು ತಂದ ಸರ್ಫೇಸ್ ಸ್ಪಾಟ್‌ಲೈಟ್ ಸೀಲಿಂಗಿನಿಂದ 12 ಸೆಂ.ಮೀ. ಕೆಳಗೆ ಬರುತ್ತದೆ. 293 − 155 = 138. 138 × 0.577 = 80.

80 ಸರಿಯೇ ಅಂತ ಎರಡೂ ಕಡೆಯಿಂದ ನೋಡಿದೆ. ಗೋಡೆಗೆ ಇನ್ನೂ ಹತ್ತಿರ ತಂದರೆ ಬಿಂಬದ ಭಯ ಕಡಿಮೆ, ಆದರೆ ಕಟ್ಟಿನ ನೆರಳು ಉದ್ದ ಆಗುತ್ತದೆ. ನಮ್ಮ ಕಟ್ಟಿನ ಮೇಲ್ಮೈಯಿಂದ ಚಿತ್ರದವರೆಗೆ 2 ಸೆಂ.ಮೀ. ಆಳ ಇದೆ. ಲೈಟ್ 80ರಲ್ಲಿದ್ದರೆ ನೆರಳು ಎರಡೂವರೆ ಸೆಂ.ಮೀ. ಕೆಳಗೆ ಬರುತ್ತದೆ. 50ಕ್ಕೆ ತಂದರೆ ನಾಲ್ಕು. ಚಿತ್ರದ ಸುತ್ತ 4 ಸೆಂ.ಮೀ. ಅಗಲದ ರಟ್ಟಿನ ಅಂಚು, ಅಂದರೆ ಮೌಂಟ್ ಇದೆ. ಎರಡೂವರೆ ಆದರೆ ನೆರಳು ಮೌಂಟಿನಲ್ಲೇ ಮುಗಿಯುತ್ತದೆ, ನಾಲ್ಕಾದರೆ ಚಿತ್ರವನ್ನು ಮುಟ್ಟಿಬಿಡುತ್ತದೆ. ಮೌಂಟ್ ಇಲ್ಲದ, ಆಳವಾದ ಕಟ್ಟು ಇದ್ದವರು ಲೈಟನ್ನು ಸ್ವಲ್ಪ ದೂರವೇ ಇಟ್ಟುಕೊಳ್ಳಬೇಕು.

ತೂತು ಕೊರೆಯುವ ಮೊದಲು ಏಣಿ ಹತ್ತಿ, ಎಕ್ಸ್‌ಟೆನ್ಷನ್ ಬೋರ್ಡಿಗೆ ವೈರ್ ಕೊಟ್ಟು, ಲೈಟನ್ನು ಕೈಯಲ್ಲೇ 80ರ ಗುರುತಿನ ಹತ್ತಿರ ಹಿಡಿದೆ. ಸೋಫಾದಲ್ಲಿ ಹೆಂಡತಿ, ಚಿತ್ರದ ಮುಂದೆ ಅಮ್ಮ. ಮುಂದೆ ಹಿಂದೆ ಸರಿಸುತ್ತಾ ಕೇಳಿದೆ. ಕಾಗದದ ಲೆಕ್ಕ ಎಷ್ಟೇ ಸರಿ ಇದ್ದರೂ ಈ ಪರೀಕ್ಷೆ ಮಾಡಲೇಬೇಕು. ಗೋಡೆ ನೆಟ್ಟಗಿಲ್ಲದಿದ್ದರೆ, ಚಿತ್ರ ಸ್ವಲ್ಪ ಓರೆ ಇದ್ದರೆ ಎಲ್ಲ ಬದಲಾಗುತ್ತದೆ.

ಹಂತ 4: ಯಾವ ಬಲ್ಬ್

ಅಂಗಡಿಯಲ್ಲಿ ಮೊದಲು ಕೊಟ್ಟಿದ್ದು 36 ಡಿಗ್ರಿ ಬೀಮ್. ಲೈಟಿನಿಂದ ಚಿತ್ರದ ಮಧ್ಯಕ್ಕೆ ದೂರ 160 ಸೆಂ.ಮೀ. ಅಷ್ಟು ದೂರಕ್ಕೆ 36 ಡಿಗ್ರಿ ಬೆಳಕು ಸುಮಾರು 104 ಸೆಂ.ಮೀ. ಅಗಲ ಹರಡುತ್ತದೆ. 24 ಡಿಗ್ರಿಯದ್ದು 68. ಗಾಜು 61, ಕಟ್ಟು ಸೇರಿ 75. ಹಾಗಾಗಿ 24 ಡಿಗ್ರಿಗೆ ಬದಲಾಯಿಸಿಕೊಂಡು ಬಂದೆ. 36 ಹಾಕಿದಾಗ ಕಟ್ಟಿನ ಅಕ್ಕಪಕ್ಕದ ಬಿಳಿ ಗೋಡೆಯೂ ಬೆಳಗಿ, ಅದರ ಎದುರು ಚಿತ್ರ ಇನ್ನೂ ಕಪ್ಪಾಗಿ ಕಾಣುತ್ತಿತ್ತು. ಬೆಳಕು ಮೇಲಿನಿಂದ ಓರೆಯಾಗಿ ಬೀಳುವುದರಿಂದ ಎತ್ತರದ ದಿಕ್ಕಿನಲ್ಲಿ ಅದು ತಾನೇ ಉದ್ದವಾಗಿ ಹರಡುತ್ತದೆ. ಬೀಮ್ ಆರಿಸುವಾಗ ಅಗಲ ನೋಡಿದರೆ ಸಾಕು.

ವ್ಯಾಟ್ ವಿಷಯದಲ್ಲಿ ಜಾಸ್ತಿ ಅಂದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. 7 ವ್ಯಾಟ್ ಹಾಕಿ ನೋಡಿದೆ. ಚಿತ್ರದ ಮಧ್ಯದಲ್ಲೇ 400 ಲಕ್ಸ್ ದಾಟಿತು. ಉಬ್ಬಿಸಿದ ಚಿನ್ನದ ಅಂಚುಗಳೆಲ್ಲ ಬೆಳ್ಳಗಾಗಿ, ಕುಸುರಿಯ ಸಣ್ಣ ಗೆರೆಗಳು ಮಾಯ. ಅದಕ್ಕಿಂತ ಮುಖ್ಯ, ಇದು ಕಾಗದ ಮತ್ತು ನೀರುಬಣ್ಣ. ಮ್ಯೂಸಿಯಂಗಳಲ್ಲಿ ಇಂಥದ್ದಕ್ಕೆ ಸಾಮಾನ್ಯವಾಗಿ 50 ಲಕ್ಸ್ ಮಿತಿ ಇಟ್ಟುಕೊಳ್ಳುತ್ತಾರೆ. ಬಣ್ಣ ಮಾಸುವುದು ಬೆಳಕಿನ ಜೋರು ಮತ್ತು ಹೊತ್ತು, ಎರಡರ ಗುಣಲಬ್ಧದಿಂದ. ಮಾಸಿದ್ದು ಮತ್ತೆ ಬರುವುದಿಲ್ಲ.

ಕಡಿಮೆ ಮಾಡಲು ಗೋಡೆಯ ಡಿಮ್ಮರ್ ಹಾಕೋಣ ಅಂದರೆ, ಈ ಬಲ್ಬಿನ ಡ್ರೈವರ್ ಡಿಮ್ಮರಿಗೆ ಹೊಂದುವಂಥದ್ದಲ್ಲ. ಹಾಕಿದ ಕೂಡಲೇ ಮಿಣಮಿಣ ಅನ್ನತೊಡಗಿತು. ಸುಮ್ನೆ 3 ವ್ಯಾಟಿನದ್ದೇ ತಂದೆ, ಅದೇ 24 ಡಿಗ್ರಿ. ಮಧ್ಯದಲ್ಲಿ 175ರ ಆಸುಪಾಸು ಬಂತು. ಟ್ಯೂಬ್‌ಲೈಟಿನ ಬಿಂಬ ಹೋಗಿದ್ದರಿಂದ ಇಷ್ಟೇ ಸಾಕಾಯಿತು. ಎದುರು ಹೊಳೆಯುವ ಲೈಟ್ ಉಳಿಸಿಕೊಂಡು ಅದನ್ನು ಗೆಲ್ಲಲು ಹೊರಟಿದ್ದರೆ 7 ವ್ಯಾಟೂ ಸಾಲುತ್ತಿರಲಿಲ್ಲ.

ಬೆಳಕಿನ ಬಣ್ಣ 3000 ಕೆಲ್ವಿನ್, ಅಂದರೆ ಸ್ವಲ್ಪ ಹಳದಿ. ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅಂತ ಹೇಳುವ ಸಿಆರ್‌ಐ ಅಂಕಿ ಡಬ್ಬಿಯ ಮೇಲೆ 90 ಅಂತ ಇರುವುದು. 6500ರ ಬಿಳಿ ಬೆಳಕಿನಲ್ಲಿ ಚಿನ್ನದ ರೇಕು ತಣ್ಣಗೆ, ಸ್ವಲ್ಪ ಹಸಿರು ಬೆರೆತಂತೆ ಕಾಣುತ್ತದೆ, ಕೆಂಪು ಸೀರೆ ಸತ್ತುಹೋಗುತ್ತದೆ.

ಹಂತ 5: ಕೂರಿಸಿದ್ದು

ಎಂಸಿಬಿ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕೆಲಸ. ಚಿತ್ರದ ಗೋಡೆಯ ಸ್ವಿಚ್ ಬೋರ್ಡಿನಿಂದ ಮೇಲಕ್ಕೆ ಕೇಸಿಂಗ್ ಪಟ್ಟಿ, ಅಲ್ಲಿಂದ ಸೀಲಿಂಗಿನ ಮೇಲೆ 80 ಸೆಂ.ಮೀ. ಒಳಗೆ 1 ಎಂಎಂ ವೈರ್. ಚಿತ್ರ ಇಳಿಸಿ ಬೇರೆ ಕೋಣೆಯಲ್ಲಿಟ್ಟೆವು, ಸೀಲಿಂಗ್ ಕೊರೆಯುವ ಪುಡಿ ಕಟ್ಟಿನ ಸಂದಿಗೆ ಹೋದರೆ ತೆಗೆಯುವುದು ಕಷ್ಟ. 6 ಎಂಎಂ ಬಿಟ್ಟಿನಿಂದ ಕೊರೆದಾಗ ಒಂದು ತೂತಿಗೆ ಕಬ್ಬಿಣದ ಸರಳು ಅಡ್ಡ ಬಂತು. ಲೈಟಿನ ತಳ ತಿರುಗಿಸಿ ಪಕ್ಕದಲ್ಲಿ ಕೊರೆದ. ಲೈಟಿನ ಜಾಗ ಬದಲಾಗಲಿಲ್ಲ.

ಲೈಟನ್ನು ಚಿತ್ರದ ಮಧ್ಯಕ್ಕೆ ತಿರುಗಿಸಿದಾಗ ಫೋನ್ ತೋರಿಸಿದ್ದು ಮೇಲೆ 240, ಕೆಳಗೆ 90. ಮೇಲಂಚು ಲೈಟಿಗೆ ಹತ್ತಿರ ಅಲ್ವಾ. ಗುರಿಯನ್ನು ಕೆಳಗೆ, ದೇವಿಯ ಮಡಿಲಿನ ಹತ್ತಿರಕ್ಕೆ ಇಳಿಸಿದೆ. ಈಗ ಮೇಲೆ 175, ಮಧ್ಯ 165, ಕೆಳಗೆ 100. ಕಣ್ಣಿಗೆ ಸಮವಾಗಿಯೇ ಕಾಣುತ್ತದೆ.

ಅಮ್ಮ ನಿಲ್ಲುವ ಜಾಗದಿಂದ ಬಿಂಬದ ಲೆಕ್ಕ 195 ಬರುತ್ತದೆ. ಗಾಜು 193. ತೀರಾ ಅಂಚಿನಲ್ಲಿದೆ. ಇನ್ನೊಂದು ನಾಲ್ಕು ಬೆರಳು ಮುಂದೆ ಬಂದರೆ ಲೈಟ್ ಕಾಣುತ್ತಿತ್ತು. ಇದಕ್ಕೆ ಚಿತ್ರವನ್ನೇ ಸ್ವಲ್ಪ ಮುಂದಕ್ಕೆ ಬಾಗಿಸಿದೆ. ಹಳೇ ಮನೆಗಳಲ್ಲಿ ಪಟಗಳನ್ನು ಎತ್ತರದಲ್ಲಿ, ಮೇಲ್ತುದಿ ಮುಂದೆ ಬಾಗುವಂತೆ ನೇತು ಹಾಕುತ್ತಿದ್ದರಲ್ಲ, ಹಾಗೆಯೇ. ಕಟ್ಟಿನ ಹಿಂದೆ ಮೇಲಿನ ಎರಡು ಮೂಲೆಗೆ ಒಂದೂವರೆ ಸೆಂ.ಮೀ. ದಪ್ಪದ ಮರದ ತುಂಡು ಅಂಟಿಸಿದೆ. ಇದರಿಂದ ಕಟ್ಟು ಒಂದು ಡಿಗ್ರಿಯಷ್ಟು ಬಾಗಿತು, ಬಿಂಬ ಎರಡು ಡಿಗ್ರಿ ಮೇಲಕ್ಕೆ ಸರಿಯಿತು. ಪಕ್ಕದಿಂದ ನೋಡಿದರೂ ಬಾಗಿದ್ದು ಗೊತ್ತಾಗುವುದಿಲ್ಲ.

ಇಲ್ಲಿ ಒಂದು ವಿಷಯ ನೋಡಿಕೊಳ್ಳಿ. ಕಟ್ಟು ಹಾಕುವವರು ಗೋಡೆಗೆ ಗೀರು ಬೀಳದಿರಲಿ ಅಂತ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿರುತ್ತಾರೆ. ಅದು ಕೆಳಭಾಗವನ್ನು ಮುಂದಕ್ಕೆ ತಳ್ಳುತ್ತದೆ, ಬಿಂಬವನ್ನು ಕೆಳಗೆ, ಗಾಜಿನೊಳಕ್ಕೆ ತರುತ್ತದೆ. ನಮ್ಮದರಲ್ಲಿ ಇದ್ದವನ್ನು ಕಿತ್ತು ತೆಳು ಫೆಲ್ಟ್ ಹಚ್ಚಿದೆ.

ಖರ್ಚು

ಸ್ಪಾಟ್‌ಲೈಟ್ 3 ವ್ಯಾಟ್ ₹480. ವೈರ್, ಕೇಸಿಂಗ್ ಪಟ್ಟಿ, ಸ್ಕ್ರೂ ₹340. ಟ್ಯೂಬ್‌ಲೈಟ್ ಸ್ಥಳಾಂತರ ಸೇರಿ ಎಲೆಕ್ಟ್ರಿಷಿಯನ್‌ಗೆ ₹900. ಒಟ್ಟು ₹1,720. ಹಿತ್ತಾಳೆ ಲೈಟಿನ ₹1,850 ಬೇರೆ.

ಗಾಜು ಬದಲಾಯಿಸುವ ಯೋಚನೆ

ಕಟ್ಟಿನ ಅಂಗಡಿಯಲ್ಲಿ ಮ್ಯಾಟ್ ಗಾಜು ತೋರಿಸಿದರು. ಮೈ ತರಿಯಾಗಿರುವುದರಿಂದ ಬಿಂಬ ಚದುರಿ ಮಸುಕಾಗುತ್ತದೆ. ಚಿತ್ರಕ್ಕೆ ಅಂಟಿಕೊಂಡಂತೆ ಇದ್ದರೆ ಪರವಾಗಿಲ್ಲ. ಆದರೆ ಮೈಸೂರು ಚಿತ್ರದಲ್ಲಿ ಉಬ್ಬಿಸಿದ ಚಿನ್ನ ಗಾಜಿಗೆ ತಾಗಬಾರದು ಅಂತ ನಡುವೆ ಸಂದಿ ಬಿಟ್ಟಿರುತ್ತಾರೆ. ಅಂಗಡಿಯಲ್ಲೇ ಒಂದು ತುಂಡು ಮ್ಯಾಟ್ ಗಾಜನ್ನು ಮುದ್ರಿತ ಕಾಗದದ ಮೇಲಿಟ್ಟು ನಿಧಾನ ಮೇಲಕ್ಕೆ ಎತ್ತಿ ನೋಡಿದೆ. ಒಂದು ಸೆಂ.ಮೀ. ಎತ್ತುವಷ್ಟರಲ್ಲಿ ಅಕ್ಷರಗಳು ಮಂಜು ಮಂಜು. ಹುಬ್ಬಿನ ಗೆರೆ, ಮೂಗುತಿಯ ಚುಕ್ಕಿ ಇರುವ ಚಿತ್ರಕ್ಕೆ ಅದು ಖಂಡಿತ ಬೇಡ. ಆ್ಯಂಟಿ ರಿಫ್ಲೆಕ್ಟಿವ್ ಲೇಪನದ ಗಾಜು ಬೇರೆ ಥರ. ಅದು ಮಸುಕು ಮಾಡುವುದಿಲ್ಲ, ಬಿಂಬ ನೂರಕ್ಕೆ ಒಂದು ಭಾಗಕ್ಕೂ ಕಡಿಮೆ ಆಗುತ್ತದೆ. ಬೆಲೆ ಸಾದಾ ಗಾಜಿನ ಹಲವು ಪಟ್ಟು. ಸದ್ಯ ಬೇಡ ಅಂತ ಬಿಟ್ಟಿದ್ದೇನೆ.

ಇನ್ನೂ ಉಳಿದಿರುವುದು

ಹಗಲು ಹೊತ್ತು. ಬಲಗಡೆ ಗೋಡೆಯ ಕಿಟಕಿ ಮಧ್ಯಾಹ್ನದ ಮೇಲೆ ಎಡ ತುದಿಯ ಸೀಟಿಗೆ ಗಾಜಿನಲ್ಲಿ ಕಾಣುತ್ತದೆ. ಕಿಟಕಿಯ ಬೆಳಕಿನ ಮುಂದೆ 3 ವ್ಯಾಟ್ ಲೈಟ್ ಏನೂ ಮಾಡಲಾರದು, ಅದಕ್ಕೆ ಪರದೆಯೇ ಗತಿ. ತೆಳು ಬಿಳಿ ಪರದೆ ಹಾಕಿದರೆ ಪರದೆಯೇ ಹೊಳೆದು ಇಡೀ ಕಿಟಕಿಯಷ್ಟು ಅಗಲದ ಬಿಳಿ ಬಿಂಬ ಆಯಿತು. ಈಗ ದಪ್ಪ, ಕಡು ಬಣ್ಣದ ಪರದೆಯನ್ನು ಚಿತ್ರದ ಕಡೆಯ ಅರ್ಧಕ್ಕೆ ಮಾತ್ರ ಎಳೆಯುತ್ತೇವೆ. ಬಿಂಬದಲ್ಲಿ ಬರುವುದು ಆ ಅರ್ಧವೇ ಅಂತ ಕನ್ನಡಿ ಇಟ್ಟು ನೋಡಿಕೊಂಡಿದ್ದೆ.

ಸ್ಪಾಟ್‌ಲೈಟನ್ನು ದಿನಕ್ಕೆ ಎರಡೂವರೆ ಗಂಟೆ ಮಾತ್ರ ಹಾಕುತ್ತೇವೆ, ದೀಪ ಹಚ್ಚುವ ಹೊತ್ತಿನಿಂದ ಊಟದವರೆಗೆ. 165 ಲಕ್ಸ್ × ಎರಡೂವರೆ ಗಂಟೆ ಸುಮಾರು 412. ಮ್ಯೂಸಿಯಂನ 50 ಲಕ್ಸ್ ಎಂಟು ಗಂಟೆ ಹೊತ್ತಿದರೆ 400. ಹಗಲು ಕಿಟಕಿಯಿಂದ ಬರುವ ಬೆಳಕು ಈ ಲೆಕ್ಕದಲ್ಲಿ ಸೇರಿಲ್ಲ. ಹಾಗಾಗಿ ಹಾಲಿನಲ್ಲಿ ಯಾರೂ ಇಲ್ಲದಾಗ ಆ ಪರದೆಯನ್ನು ಪೂರ್ತಿ ಎಳೆದೇ ಇಡುತ್ತೇವೆ.